ಮೊದಲು ಅಂಕಿ, ಆಮೇಲೆ ಕಣ್ಣು: ಫಿಲ್ಮಿಕ್ ರೆಂಡರ್ ಎಲ್ಲ ತಂತ್ರಾಂಶಗಳಲ್ಲೂ ಮಾನಿಟರುಗಳಲ್ಲೂ ಒಂದೇ ಆಗಿ ಕಾಣುವಂತೆ ಮಾಡುವುದು

(ಉಪನ್ಯಾಸದ ಬರಹ ರೂಪ)

ಒಂದು ಕೋಣೆಯ ಚಿತ್ರದಿಂದ ಮಾತನ್ನು ಆರಂಭಿಸುತ್ತೇನೆ. ಎಡಕ್ಕೆ ದೊಡ್ಡ ಕಿಟಕಿ, ಅದರಾಚೆ ಬಿಸಿಲು, ಒಳಗೆ ಮರದ ಮೇಜು, ಮೇಜಿನ ಮೇಲೆ ಕಿತ್ತಳೆ ಬಣ್ಣದ ದೀಪ. ಬ್ಲೆಂಡರ್ ಎಂಬ ತ್ರಿಡಿ ತಂತ್ರಾಂಶದಲ್ಲಿ, ಬೆಳಕಿನ ಅಂಕಿಗಳನ್ನು ಪರದೆಯ ಬಣ್ಣಗಳಾಗಿ ಮಾಡುವ ಫಿಲ್ಮಿಕ್ ಎಂಬ ವ್ಯೂ ಟ್ರಾನ್ಸ್‌ಫಾರ್ಮ್ ಇಟ್ಟುಕೊಂಡು ಈ ಕೋಣೆಗೆ ಬೆಳಕು ಹೊಂದಿಸಿದ್ದೆ. ಕಿಟಕಿಯಾಚೆಯ ಬಿಸಿಲು ಕಣ್ಣು ಕುಕ್ಕದೆ ಮೆಲ್ಲಗೆ ಬಿಳಿಗೆ ಸರಿಯುತ್ತಿತ್ತು, ದೀಪದ ಕಿತ್ತಳೆ ಕಿತ್ತಳೆಯಾಗಿಯೇ ಉಳಿದಿತ್ತು. ರೆಂಡರನ್ನು ಇಎಕ್ಸ್‌ಆರ್ ಕಡತವಾಗಿ ಕಾಂಪೊಸಿಟಿಂಗ್ ಮಾಡುವ ಗೆಳೆಯರಿಗೂ, ಪಿಎನ್‌ಜಿ ಕಡತವಾಗಿ ಚಿತ್ರವನ್ನು ಒಪ್ಪಬೇಕಾದವರಿಗೂ ಕಳುಹಿಸಿದೆ. ಗೆಳೆಯರ ಪರದೆಯಲ್ಲಿ ಕಿಟಕಿ ಬರಿಯ ಬಿಳಿಯ ಚೌಕವಾಗಿತ್ತು, ದೀಪ ಹಳದಿಗೆ ತಿರುಗಿತ್ತು. ಪಿಎನ್‌ಜಿ ನೋಡಿದವರು ಮೇಜಿನ ಮರ ತೀರ ಕೆಂಪಾಗಿದೆ ಎಂದರು. ಎರಡೂ ದೂರುಗಳಿಗೆ ಒಂದೇ ಕಾರಣವಿರಬೇಕೆಂದು ಭಾವಿಸಿ ನಾವು ಒಂದು ಇಡೀ ದಿನ ಮಾನಿಟರುಗಳ ಗುಂಡಿಗಳನ್ನು ತಿರುಗಿಸುತ್ತ ಕಳೆದೆವು.

ಅವು ಎರಡು ಬೇರೆ ಬೇರೆ ತೊಂದರೆಗಳಾಗಿದ್ದವು. ಕಡತದಲ್ಲಿರುವ ಅಂಕಿಗಳಿಂದ ಪರದೆಗೆ ಹೋಗುವ ಅಂಕಿಗಳನ್ನು ತಂತ್ರಾಂಶ ಹೇಗೆ ಲೆಕ್ಕ ಹಾಕುತ್ತದೆ ಎಂಬುದು ಮೊದಲನೆಯದು. ಆ ಅಂಕಿಗಳನ್ನು ಮಾನಿಟರು ಎಂತಹ ಬೆಳಕನ್ನಾಗಿ ಮಾಡುತ್ತದೆ ಎಂಬುದು ಎರಡನೆಯದು. ಮೊದಲನೆಯದನ್ನು ಕಣ್ಣಿನಿಂದ ಪರೀಕ್ಷಿಸಬಾರದು, ಪಿಕ್ಸೆಲ್ಲಿನ ಅಂಕಿಯನ್ನು ಓದಿಯೇ ಪರೀಕ್ಷಿಸಬೇಕು. ಅಂಕಿಗಳು ಒಂದಾಗುವ ತನಕ ಮಾನಿಟರಿನ ವಿಚಾರಕ್ಕೆ ಕೈ ಹಾಕಬಾರದು. ಇಂದಿನ ಮಾತೆಲ್ಲ ಈ ಕ್ರಮವನ್ನು ಕುರಿತದ್ದೇ.

ಮೊದಲಿಗೆ ಫಿಲ್ಮಿಕ್ ಏನು ಮಾಡುತ್ತದೆ ಎಂಬುದನ್ನು ನೋಡೋಣ. ರೆಂಡರ್ ಎಂಜಿನ್ನು ಕೊಡುವ ಅಂಕಿಗಳು ಬೆಳಕಿನ ಪ್ರಮಾಣಕ್ಕೆ ನೇರ ಅನುಪಾತದಲ್ಲಿರುತ್ತವೆ: ಬೆಳಕು ಎರಡು ಪಟ್ಟಾದರೆ ಅಂಕಿಯೂ ಎರಡು ಪಟ್ಟಾಗುತ್ತದೆ, ಅದಕ್ಕೆ 1 ಎಂಬ ಮೇಲ್ಮಿತಿ ಇಲ್ಲ. ಇವನ್ನು ಸೀನ್ ಲೀನಿಯರ್ ಅಂಕಿಗಳೆನ್ನುತ್ತೇವೆ. ಮಧ್ಯಮ ಬೂದು ಬಣ್ಣದ ಮೇಲ್ಮೈ 0.18 ಇದ್ದರೆ, ಬಿಸಿಲು ಬಿದ್ದ ಕಿಟಕಿಯ ಚೌಕಟ್ಟು ಸುಲಭವಾಗಿ 9 ಅಥವಾ 10 ಆಗಬಹುದು. ಪರದೆಗಾದರೋ ಸೊನ್ನೆಯಿಂದ ಒಂದರೊಳಗಿನ ಅಂಕಿಯೇ ಬೇಕು. ಬ್ಲೆಂಡರಿನ Standard ವ್ಯೂ ಟ್ರಾನ್ಸ್‌ಫಾರ್ಮ್ ಎಸ್‌ಆರ್‌ಜಿಬಿ ವಕ್ರರೇಖೆಯನ್ನಷ್ಟೇ ಹಚ್ಚಿ, 1ಕ್ಕಿಂತ ಮೇಲಿರುವುದನ್ನೆಲ್ಲ ಕತ್ತರಿಸಿಬಿಡುತ್ತದೆ. ಅಂದರೆ ಮಧ್ಯಮ ಬೂದಿನ ಮೇಲೆ ಸುಮಾರು ಎರಡೂವರೆ ಸ್ಟಾಪುಗಳಷ್ಟು ಬೆಳಕಿಗೆ ಮಾತ್ರ ಅಲ್ಲಿ ಜಾಗವಿದೆ; ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟಾಗುವುದು. ದೀಪದ ಕಿತ್ತಳೆ ಹಳದಿಯಾದದ್ದೂ ಇದರಿಂದಲೇ: ಕೆಂಪು ಮೊದಲು ಮಿತಿಯನ್ನು ಮುಟ್ಟಿ ನಿಂತಿತು, ಹಸಿರು ಏರುತ್ತಲೇ ಹೋಯಿತು, ಇವುಗಳ ನಡುವಿನ ಅನುಪಾತ ಕೆಟ್ಟಿತು.

ಫಿಲ್ಮಿಕ್ ಈ ಕೆಲಸವನ್ನು ಎರಡು ಹೆಜ್ಜೆಯಲ್ಲಿ ಮಾಡುತ್ತದೆ. ಮೊದಲು ಮಧ್ಯಮ ಬೂದಿನ ಕೆಳಗೆ 10 ಸ್ಟಾಪ್, ಮೇಲೆ 6.5 ಸ್ಟಾಪ್, ಒಟ್ಟು 16.5 ಸ್ಟಾಪುಗಳ ವ್ಯಾಪ್ತಿಯನ್ನು ಲಾಗರಿದಮ್ ಮೂಲಕ 0ಯಿಂದ 1ರೊಳಗೆ ಕೂರಿಸುತ್ತದೆ, ಅದರ ಜೊತೆಗೇ ತೀರ ಪ್ರಖರವಾದ ಬಣ್ಣಗಳ ಗಾಢತೆಯನ್ನು ಕಡಿಮೆ ಮಾಡಿ ಅವನ್ನು ಬಿಳಿಯತ್ತ ಒಯ್ಯುತ್ತದೆ. ಈ ನಡುವಿನ ರೂಪಕ್ಕೆ Filmic Log ಎಂದು ಹೆಸರು. ಆಮೇಲೆ ಅದರ ಮೇಲೆ ಎಸ್ ಆಕಾರದ ಕಾಂಟ್ರಾಸ್ಟ್ ವಕ್ರರೇಖೆಯೊಂದನ್ನು ಹಚ್ಚುತ್ತದೆ. 0.18ರ ಮೇಲೆ 6.5 ಸ್ಟಾಪ್ ಎಂದರೆ ಸುಮಾರು 16.3; ಕಿಟಕಿಯ 9 ಅದರೊಳಗೆ ಆರಾಮವಾಗಿ ಕೂರುತ್ತದೆ. ಟ್ರಾಯ್ ಸೊಬೊಟ್ಕಾ ಅವರು ಸಿದ್ಧಪಡಿಸಿದ ಈ ವ್ಯವಸ್ಥೆ 2017ರಲ್ಲಿ ಬ್ಲೆಂಡರ್ 2.79ರೊಳಗೆ ಸೇರಿತು, 2019ರ 2.80ರಲ್ಲಿ ಹೊಸ ಕಡತಗಳಿಗೆ ಮೂಲ ಆಯ್ಕೆಯಾಯಿತು. 2023ರ 4.0ರಲ್ಲಿ ಆ ಸ್ಥಾನ AgX ಎಂಬ ಇನ್ನೊಂದು ವ್ಯೂ ಟ್ರಾನ್ಸ್‌ಫಾರ್ಮ್‌ಗೆ ಹೋಯಿತು, ಆದರೆ ಫಿಲ್ಮಿಕ್ ಪಟ್ಟಿಯಲ್ಲಿ ಉಳಿದಿದೆ.

ಇಲ್ಲಿ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಇಎಕ್ಸ್‌ಆರ್ ಕಡತದಲ್ಲಿ ಬ್ಲೆಂಡರ್ ಬರೆಯುವುದು ಸೀನ್ ಲೀನಿಯರ್ ಅಂಕಿಗಳನ್ನು. ಫಿಲ್ಮಿಕ್ ಅದರೊಳಗೆ ಹೋಗುವುದಿಲ್ಲ. ಪಿಎನ್‌ಜಿ ಮತ್ತು ಜೆಪಿಇಜಿ ಕಡತಗಳಲ್ಲಿ ಫಿಲ್ಮಿಕ್ ಬೆರೆತೇ ಹೋಗಿರುತ್ತದೆ. ಹಾಗಾಗಿ ಇಎಕ್ಸ್‌ಆರ್ ತೆರೆಯುವ ತಂತ್ರಾಂಶ ಫಿಲ್ಮಿಕ್ ಹಚ್ಚಲೇಬೇಕು, ಪಿಎನ್‌ಜಿ ತೆರೆಯುವ ತಂತ್ರಾಂಶ ಹಚ್ಚಲೇಬಾರದು. ನಾನು ಕಂಡ ಅಸಂಗತಿಗಳಲ್ಲಿ ಬಹುಪಾಲು ಈ ಎರಡು ಮಾತುಗಳಲ್ಲಿ ಒಂದನ್ನು ಮೀರಿದ್ದರಿಂದ ಬಂದವು. ಎರಡನೆಯದನ್ನು ಮೀರುವುದು ಬ್ಲೆಂಡರಿನೊಳಗೇ ಬಹಳ ಸುಲಭ: ಫಿಲ್ಮಿಕ್ ಇಟ್ಟು ಪಿಎನ್‌ಜಿ ಚೌಕಟ್ಟುಗಳನ್ನು ರೆಂಡರ್ ಮಾಡಿ, ಅವುಗಳನ್ನು ಅದೇ ಕಡತದ ವಿಡಿಯೊ ಸೀಕ್ವೆನ್ಸರಿನಲ್ಲಿ ಜೋಡಿಸಿದರೆ ಫಿಲ್ಮಿಕ್ ಎರಡನೆಯ ಬಾರಿ ಹತ್ತುತ್ತದೆ. ಚಿತ್ರದ ಬಿಳಿ ಬೂದಾಗಿ, ಎಲ್ಲದರ ಮೇಲೂ ತೆಳುವಾದ ಮಂಜು ಕವಿದಂತೆ ಕಂಡರೆ ಇದನ್ನೇ ಶಂಕಿಸಬೇಕು. ಜೋಡಣೆಗೆ ಬೇರೊಂದು ಸೀನ್ ಮಾಡಿಕೊಂಡು, ಅಲ್ಲಿ View Transform ಅನ್ನು Standard ಮಾಡಿದರೆ ಸರಿಹೋಗುತ್ತದೆ.

ಈಗ ಪರೀಕ್ಷಾ ಚಿತ್ರವನ್ನು ತಯಾರಿಸೋಣ. ಕೋಣೆಯ ಚಿತ್ರವನ್ನೇ ಇಟ್ಟುಕೊಂಡು ಪರೀಕ್ಷೆ ಮಾಡಹೊರಟರೆ ಯಾವ ಅಂಕಿ ಎಲ್ಲಿರಬೇಕೆಂಬುದೇ ಗೊತ್ತಿರುವುದಿಲ್ಲ. ಬದಲಿಗೆ ಕಪ್ಪು ಹಿನ್ನೆಲೆಯ ಮೇಲೆ ಐದು ಚೌಕಗಳನ್ನು ಸಾಲಾಗಿ ಇಟ್ಟು, ಪ್ರತಿಯೊಂದಕ್ಕೂ ಬಿಳಿಯ ಎಮಿಷನ್ ಮೆಟೀರಿಯಲ್ ಕೊಟ್ಟು, Strength ಜಾಗದಲ್ಲಿ ಕ್ರಮವಾಗಿ 0.045, 0.18, 0.72, 2.88, 11.52 ಎಂದು ಬರೆಯಿರಿ. ಒಂದೊಂದೂ ಹಿಂದಿನದರ ನಾಲ್ಕು ಪಟ್ಟು, ಅಂದರೆ ಎರಡು ಸ್ಟಾಪ್ ಮೇಲೆ. ಅಂಕಿಯನ್ನು ಬಣ್ಣದ ಹೆಕ್ಸ್ ಸಂಖ್ಯೆಯಾಗಿ ಕೊಡಬೇಡಿ. ಹೆಕ್ಸ್ ಎಸ್‌ಆರ್‌ಜಿಬಿ ಲೆಕ್ಕದ್ದು, ಲೀನಿಯರ್ ಅಲ್ಲ. ಇವುಗಳ ಪಕ್ಕದಲ್ಲಿ ಶುದ್ಧ ಕೆಂಪು, ಹಸಿರು, ನೀಲಿಯ ಮೂರು ಚೌಕಗಳಿರಲಿ. ಮಾನಿಟರಿನ ಸರದಿ ಬಂದಾಗ ಅವು ಬೇಕಾಗುತ್ತವೆ. ಡಿನಾಯ್ಸ್ ಬೇಡ. Output ಫಲಕದ Post Processing ಭಾಗದಲ್ಲಿ Dither ಎಂಬುದು ಸಾಮಾನ್ಯವಾಗಿ 1 ಇರುತ್ತದೆ, ಅದನ್ನು 0 ಮಾಡಿ. ಇಲ್ಲವಾದರೆ 8 ಬಿಟ್ ಕಡತದಲ್ಲಿ ಒಂದೇ ಚೌಕದ ಪಿಕ್ಸೆಲ್ಲುಗಳು ಅಕ್ಕಪಕ್ಕದಲ್ಲೇ ಬೇರೆ ಬೇರೆ ಅಂಕಿ ತೋರಿಸಿ ಗೊಂದಲವಾಗುತ್ತದೆ. Color Management ಫಲಕದಲ್ಲಿ Display Device sRGB, View Transform Filmic, Look None, Exposure 0, Gamma 1 ಇರಲಿ. ಇದೇ ರೆಂಡರನ್ನು ಒಂದು ಇಎಕ್ಸ್‌ಆರ್ ಆಗಿಯೂ ಒಂದು ಪಿಎನ್‌ಜಿ ಆಗಿಯೂ ಉಳಿಸಿ. ಪಿಎನ್‌ಜಿಯಲ್ಲಿರುವ ಅಂಕಿಗಳೇ ನಮ್ಮ ಸರಿಯುತ್ತರ.

ಈ ಐದು ಚೌಕಗಳನ್ನೇ ಏಕೆ ಆರಿಸಿದೆನೆಂದರೆ, ತಪ್ಪಾದಾಗ ಯಾವ ಬಗೆಯ ತಪ್ಪೆಂಬುದನ್ನು ಅವೇ ಹೇಳುತ್ತವೆ. ತಂತ್ರಾಂಶ ಬರಿಯ ಎಸ್‌ಆರ್‌ಜಿಬಿ ವಕ್ರರೇಖೆಯನ್ನು ಹಚ್ಚುತ್ತಿದ್ದರೆ ಅವು 60, 118, 221, 255, 255 ಎಂದು ಓದುತ್ತವೆ. ಕೊನೆಯ ಎರಡು ಚೌಕಗಳ ನಡುವೆ ವ್ಯತ್ಯಾಸವೇ ಇರುವುದಿಲ್ಲ. Filmic Log ಹತ್ತಿ, ಕಾಂಟ್ರಾಸ್ಟ್ ವಕ್ರರೇಖೆ ಹತ್ತದೆ ಉಳಿದಿದ್ದರೆ ಸುಮಾರು 124, 155, 185, 216, 247 ಎಂದು, ಮೂವತ್ತೊಂದರ ಆಸುಪಾಸಿನ ಸಮ ಮೆಟ್ಟಿಲುಗಳು ಕಾಣುತ್ತವೆ, ಏಕೆಂದರೆ ಎರಡು ಸ್ಟಾಪ್ ಎಂದರೆ 16.5ರಲ್ಲಿ ಎರಡು ಭಾಗ. ಪೂರ್ಣ ಫಿಲ್ಮಿಕ್ ಇದ್ದರೆ ಐದೂ ಬೇರೆ ಬೇರೆಯಾಗಿದ್ದು, ಮೇಲಿನ ತುದಿಯಲ್ಲಿ ಮೆಟ್ಟಿಲುಗಳು ಚಿಕ್ಕದಾಗುತ್ತ ಹೋಗುತ್ತವೆ. ಅಂಕಿಗಳನ್ನು ಓದಿದ ಕೂಡಲೇ ನೀವು ಈ ಮೂರರಲ್ಲಿ ಎಲ್ಲಿದ್ದೀರಿ ಎಂಬುದು ತಿಳಿಯುತ್ತದೆ.

ನಮ್ಮ ಗೆಳೆಯರ ತಂತ್ರಾಂಶದಲ್ಲಿ ಈ ಇಎಕ್ಸ್‌ಆರ್ ತೆರೆದಾಗ ಕೊನೆಯ ಎರಡು ಚೌಕಗಳೂ 255 ಎಂದವು. ಫಿಲ್ಮಿಕ್ ಎಂಬುದೊಂದಿದೆ ಎಂದೇ ಆ ತಂತ್ರಾಂಶಕ್ಕೆ ಗೊತ್ತಿರಲಿಲ್ಲ. ಅದಕ್ಕೆ ತಿಳಿಸುವ ಬಗೆ ಹೀಗೆ. ಬ್ಲೆಂಡರ್ ತನ್ನ ಬಣ್ಣದ ಲೆಕ್ಕವನ್ನೆಲ್ಲ ಓಪನ್‌ಕಲರ್‌ಐಒ ಎಂಬ ಮುಕ್ತ ತಂತ್ರಾಂಶ ಗ್ರಂಥಾಲಯದ ಮೂಲಕ ಮಾಡುತ್ತದೆ. ಸೋನಿ ಪಿಕ್ಚರ್ಸ್ ಇಮೇಜ್‌ವರ್ಕ್ಸ್‌ನಲ್ಲಿ ಹುಟ್ಟಿದ ಈ ಗ್ರಂಥಾಲಯವನ್ನು ನ್ಯೂಕ್, ನೇಟ್ರಾನ್, ಕ್ರಿಟಾ ಮೊದಲಾದ ತಂತ್ರಾಂಶಗಳೂ ಬಳಸುತ್ತವೆ. ಯಾವ ಬಣ್ಣದ ಅವಕಾಶ, ಅಂದರೆ ಕಲರ್ ಸ್ಪೇಸ್, ಯಾವುದು, ಒಂದರಿಂದ ಇನ್ನೊಂದಕ್ಕೆ ಹೋಗುವುದು ಹೇಗೆ ಎಂಬುದೆಲ್ಲ config.ocio ಎಂಬ ಒಂದೇ ಪಠ್ಯ ಕಡತದಲ್ಲಿದೆ. ಬ್ಲೆಂಡರ್ 4ರ ಆವೃತ್ತಿಗಳಲ್ಲಿ ಅದು ಆವೃತ್ತಿ ಸಂಖ್ಯೆಯ ಫೋಲ್ಡರಿನೊಳಗಿನ datafiles/colormanagement ಎಂಬಲ್ಲಿರುತ್ತದೆ. ಕೆಲಸದ ಎಲ್ಲ ತಂತ್ರಾಂಶಗಳಿಗೂ ಇದೇ ಕಡತವನ್ನು ತೋರಿಸಿದರೆ ಅವೆಲ್ಲ ಒಂದೇ ಲೆಕ್ಕ ಮಾಡುತ್ತವೆ.

ಇದರಲ್ಲಿ ಬಹಳ ಮಂದಿ ಎಡವುವ ಜಾಗವೊಂದಿದೆ. config.ocio ಒಂದನ್ನೇ ನಕಲು ಮಾಡಿ ಕೊಟ್ಟರೆ ಸಾಲದು. ಫಿಲ್ಮಿಕ್‌ನ ವಕ್ರರೇಖೆಗಳೂ ಬಣ್ಣ ತಿಳಿಯಾಗಿಸುವ ಕೋಷ್ಟಕವೂ ಅದರ ಪಕ್ಕದ ಫೋಲ್ಡರುಗಳಲ್ಲಿವೆ. ಅವಿಲ್ಲದೆ ಹೋದರೆ ತಂತ್ರಾಂಶ ಕಡತ ಸಿಗಲಿಲ್ಲವೆಂದು ದೂರುತ್ತದೆ. ಆದ್ದರಿಂದ colormanagement ಫೋಲ್ಡರನ್ನು ಇಡಿಯಾಗಿ ಆ ಕೆಲಸದ ಫೋಲ್ಡರಿಗೆ ನಕಲು ಮಾಡಿ, ಆ ನಕಲನ್ನೇ ಎಲ್ಲರೂ ಬಳಸಲಿ. ಆಗ ಕೆಲಸದ ನಡುವೆ ಯಾರಾದರೂ ಬ್ಲೆಂಡರಿನ ಹೊಸ ಆವೃತ್ತಿಗೆ ಹೋದರೂ ಲೆಕ್ಕ ಬದಲಾಗುವುದಿಲ್ಲ. ಮಾರ್ಗವನ್ನು OCIO ಎಂಬ ಪರಿಸರ ಚರದಲ್ಲಿ ಕೊಡಬೇಕು. ಲಿನಕ್ಸಿನಲ್ಲಿ:

```
export OCIO=/projects/kone/colormanagement/config.ocio
```

ವಿಂಡೋಸಿನಲ್ಲಿ:

```
setx OCIO "D:\projects\kone\colormanagement\config.ocio"
```

ವಿಂಡೋಸಿನ ಆಜ್ಞೆ ಆಗಲೇ ತೆರೆದಿರುವ ತಂತ್ರಾಂಶಗಳಿಗೆ ತಿಳಿಯುವುದಿಲ್ಲ, ಅವುಗಳನ್ನು ಮುಚ್ಚಿ ಮತ್ತೆ ತೆರೆಯಬೇಕು. ಇನ್ನೊಂದು ಎಚ್ಚರ: ಬ್ಲೆಂಡರ್ ಕೂಡ ಈ ಚರವನ್ನು ಓದುತ್ತದೆ. ಬೇರೊಂದು ಕೆಲಸಕ್ಕೆಂದು ಯಾವಾಗಲೋ ಇಟ್ಟ OCIO ಮಾರ್ಗ ಹಾಗೆಯೇ ಉಳಿದಿದ್ದರೆ View Transform ಪಟ್ಟಿಯಲ್ಲಿ Filmic ಎಂಬ ಹೆಸರೇ ಇಲ್ಲದಿರಬಹುದು. ಹಾಗೆ ಕಂಡಾಗ ಬ್ಲೆಂಡರನ್ನು ಮರಳಿ ಸ್ಥಾಪಿಸಲು ಹೊರಡುವ ಮೊದಲು ಈ ಚರವನ್ನು ನೋಡಿ.

ಕಡತವನ್ನು ತೋರಿಸಿದ ಮೇಲೆ ಆ ತಂತ್ರಾಂಶದಲ್ಲಿ ಎರಡು ಆಯ್ಕೆಗಳು ಸರಿಯಾಗಿರಬೇಕು. ಇಎಕ್ಸ್‌ಆರ್ ಓದುವಲ್ಲಿ ಮೂಲ ಬಣ್ಣದ ಅವಕಾಶ Linear Rec.709 ಎಂದಿರಬೇಕು; 4.0ಕ್ಕಿಂತ ಹಳೆಯ ಕಡತಗಳಲ್ಲಿ ಇದರ ಹೆಸರು ಬರಿಯ Linear. ನೋಡುವ ಕಿಟಕಿಯಲ್ಲಿ ಡಿಸ್‌ಪ್ಲೇ sRGB, ವ್ಯೂ Filmic ಇರಬೇಕು. ಇಷ್ಟಾದ ಮೇಲೆ ಐದು ಚೌಕಗಳ ಅಂಕಿಗಳನ್ನು ಪಿಎನ್‌ಜಿಯ ಅಂಕಿಗಳೊಡನೆ ಹೋಲಿಸಿ. ಒಂದು ಅಂಕಿಯ ವ್ಯತ್ಯಾಸ ದುಂಡಾಗಿಸುವಿಕೆಯಿಂದ ಬರಬಹುದು, ಅದಕ್ಕಿಂತ ಹೆಚ್ಚನ್ನು ಒಪ್ಪಬೇಡಿ.

ಚೌಕಗಳು ನಮಗೆ ಸರಿಹೋದವು. ಕಿಟಕಿಯಾಚೆಯ ಬಿಸಿಲೂ ಮರಳಿ ಬಂತು. ಆದರೆ ಕೋಣೆ ಮಾತ್ರ ಇನ್ನೂ ಮಬ್ಬಾಗಿಯೇ ಕಾಣುತ್ತಿತ್ತು. ಚೌಕಗಳು ಸರಿಯಿದ್ದು ಕೋಣೆ ತಪ್ಪಿದ್ದರೆ ವ್ಯತ್ಯಾಸ ಆ ಎರಡು ಬ್ಲೆಂಡರ್ ಕಡತಗಳ ನಡುವೆಯೇ ಇರಬೇಕಲ್ಲವೇ? ಎರಡರ Color Management ಫಲಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಕೋಣೆಯ ಕಡತದಲ್ಲಿ Exposure 0.5 ಎಂದಿತ್ತು, ಬೆಳಕು ಹೊಂದಿಸುವಾಗ ಯಾವಾಗಲೋ ಏರಿಸಿ ಮರೆತಿದ್ದೆ. ಈ ಫಲಕದ Exposure, Gamma, ವಕ್ರರೇಖೆಗಳು, Look ಇವು ಯಾವುವೂ ಇಎಕ್ಸ್‌ಆರ್ ಒಳಗೆ ಹೋಗುವುದಿಲ್ಲ. Exposure ಎಂಬುದು ಫಿಲ್ಮಿಕ್‌ಗೆ ಮುಂಚೆ ಲೀನಿಯರ್ ಅಂಕಿಯ ಮೇಲೆ ಮಾಡುವ ಗುಣಾಕಾರ: ಅರ್ಧ ಸ್ಟಾಪ್ ಎಂದರೆ 2ರ ವರ್ಗಮೂಲ, 1.414. ಗೋಡೆಯ ಮೇಲಿನ ಪಿಕ್ಸೆಲ್ ಇಎಕ್ಸ್‌ಆರ್‌ನಲ್ಲಿ 0.20 ಇತ್ತು, ಕಾಂಪೊಸಿಟಿಂಗಿನಲ್ಲಿ ಅದನ್ನು 1.414ರಿಂದ ಗುಣಿಸಿ 0.283 ಮಾಡಿದ ಮೇಲೆ ಫಿಲ್ಮಿಕ್ ಹಚ್ಚಿದಾಗ ಪಿಎನ್‌ಜಿಯೊಡನೆ ಗೋಡೆ ಬಹುಮಟ್ಟಿಗೆ ಹೊಂದಿಕೊಂಡಿತು. ಬ್ಲೆಂಡರಿನ ರೆಂಡರ್ ಎಂಜಿನ್ನಾದ ಸೈಕಲ್ಸ್‌ನ Film ವಿಭಾಗದಲ್ಲಿಯೂ Exposure ಎಂಬ ಅದೇ ಹೆಸರಿನ ಇನ್ನೊಂದು ಅಂಕಿಯಿದೆ. ಅದು ರೆಂಡರಿನೊಳಗೇ ಸೇರುತ್ತದೆ, ಅದು ಸ್ಟಾಪ್ ಲೆಕ್ಕದ್ದಲ್ಲ, ನೇರ ಗುಣಕ. ಒಂದೇ ಹೆಸರಿನ ಈ ಎರಡರಲ್ಲಿ ಯಾವುದನ್ನು ಮುಟ್ಟಿದ್ದೇವೆ ಎಂಬುದರ ಮೇಲೆ ಇಎಕ್ಸ್‌ಆರ್ ಸರಿಯೋ ತಪ್ಪೋ ಎಂಬುದು ನಿಂತಿದೆ.

ಉಳಿದದ್ದು Look. ಕೋಣೆಯ ಕಡತದಲ್ಲಿ Medium High Contrast ಎಂದಿತ್ತು. ಫಿಲ್ಮಿಕ್‌ನ ಲುಕ್‌ಗಳು Filmic Log ರೂಪದ ಮೇಲೆ ಕೆಲಸ ಮಾಡುವ ಬೇರೆ ಬೇರೆ ಕಾಂಟ್ರಾಸ್ಟ್ ವಕ್ರರೇಖೆಗಳು. ಅವೂ ಅದೇ config.ocio ಒಳಗಿವೆ, ಆದರೆ ಬೇರೆ ತಂತ್ರಾಂಶಗಳಲ್ಲಿ ವ್ಯೂ Filmic ಎಂದು ಆರಿಸಿದ ಮಾತ್ರಕ್ಕೆ ಲುಕ್ ತಾನಾಗಿ ಬರುವುದಿಲ್ಲ. ಓಪನ್‌ಕಲರ್‌ಐಒ ಲುಕ್ ನೋಡ್ ಒಂದನ್ನು ಪ್ರತ್ಯೇಕವಾಗಿ ಸೇರಿಸಿ ಅದೇ ಹೆಸರನ್ನು ಆರಿಸಬೇಕು. ಇಬ್ಬರಿಗಿಂತ ಹೆಚ್ಚು ಜನ ಸೇರಿ ಮಾಡುವ ಕೆಲಸದಲ್ಲಿ Look ಅನ್ನು None ಇಟ್ಟು, Exposure ಅನ್ನು 0 ಇಟ್ಟು, ಬೆಳಕನ್ನು ದೀಪಗಳಲ್ಲಿ ಅಥವಾ Film ಎಕ್ಸ್‌ಪೋಷರಿನಲ್ಲಿ ಹೊಂದಿಸಿ, ಕಾಂಟ್ರಾಸ್ಟನ್ನು ಕಾಂಪೊಸಿಟಿಂಗಿಗೆ ಬಿಡುವುದೇ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮರೆಯಬಹುದಾದ ಅಂಕಿಗಳು ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತವೆ.

ಓಪನ್‌ಕಲರ್‌ಐಒ ಇಲ್ಲದ ತಂತ್ರಾಂಶಕ್ಕೆ ಏನು ಮಾಡಬೇಕು ಎಂದು ಸಭೆಯಲ್ಲಿ ಕೇಳಿದರು. ಫಿಲ್ಮಿಕ್ ಅನ್ನು ಕ್ಯೂಬ್ ಎಂಬ ಬಣ್ಣದ ಕೋಷ್ಟಕದ ಕಡತವಾಗಿ ಮಾಡಿ ಇಎಕ್ಸ್‌ಆರ್ ಮೇಲೆ ಹಚ್ಚಬಾರದೇ ಎಂಬುದು ಅದರ ಹಿಂದಿನ ಆಲೋಚನೆ. ಹಾಗೆ ನೇರವಾಗಿ ಹಚ್ಚಿದರೆ ಕೆಡುತ್ತದೆ. ಸಾಮಾನ್ಯ ಕ್ಯೂಬ್ ಕಡತ 0ಯಿಂದ 1ರೊಳಗಿನ ಅಂಕಿಯನ್ನಷ್ಟೇ ನಿರೀಕ್ಷಿಸುವುದರಿಂದ 2.88 ಮತ್ತು 11.52 ಎರಡನ್ನೂ 1 ಎಂದೇ ಕಾಣುತ್ತದೆ, ನಮ್ಮ ಕೊನೆಯ ಮೂರು ಮೆಟ್ಟಿಲುಗಳಲ್ಲಿ ಎರಡು ಒಂದಾಗಿಬಿಡುತ್ತವೆ. ಮೊದಲು ಲಾಗ್ ರೂಪಕ್ಕೆ ತಂದು ಆಮೇಲೆ ಕ್ಯೂಬ್ ಹಚ್ಚಬೇಕಾಗುತ್ತದೆ. ಅಷ್ಟು ಸುತ್ತುವ ಬದಲು ಅಂತಹ ತಂತ್ರಾಂಶಕ್ಕೆ ಫಿಲ್ಮಿಕ್ ಬೆರೆತ 16 ಬಿಟ್ ಪಿಎನ್‌ಜಿಯನ್ನೇ ಕೊಡಿ. ಸಣ್ಣಪುಟ್ಟ ತಿದ್ದುಪಡಿಗೆ ಅದು ಸಾಕು.

ಇಲ್ಲಿಗೆ ಅಂಕಿಗಳ ಭಾಗ ಮುಗಿಯಿತು. ಎರಡು ತಂತ್ರಾಂಶಗಳೂ ಒಂದೇ ಅಂಕಿ ತೋರಿಸುತ್ತಿದ್ದು ಚಿತ್ರಗಳು ಬೇರೆ ಬೇರೆಯಾಗಿ ಕಂಡರೆ ಆಗ ಮಾತ್ರ ಮಾನಿಟರಿನ ಕಡೆ ತಿರುಗಬೇಕು. ಮೇಜಿನ ಮರ ಕೆಂಪಾಗಿದೆ ಎಂಬ ದೂರು ಇಂಥದ್ದಾಗಿತ್ತು.

ಬ್ಲೆಂಡರಿನಲ್ಲಿ Display Device ಎದುರು sRGB ಎಂದು ಆರಿಸುವುದು ಮಾನಿಟರನ್ನು ಅಳೆದ ಹಾಗಲ್ಲ. ಎದುರಿಗಿರುವುದು ಎಸ್‌ಆರ್‌ಜಿಬಿ ಮಾನಿಟರು ಎಂದು ನಾವು ಕೊಟ್ಟ ಮಾತನ್ನು ಅದು ನಂಬುತ್ತದೆ, ಅಷ್ಟೆ. ವಿಂಡೋಸ್ ಮತ್ತು ಲಿನಕ್ಸಿನಲ್ಲಿ ನಿಮ್ಮ ಮಾನಿಟರಿನ ಬಣ್ಣಗಳನ್ನು ವಿವರಿಸುವ ಐಸಿಸಿ ಪ್ರೊಫೈಲನ್ನು ಅದು ಓದುವುದಿಲ್ಲ. ಹಾಗಾಗಿ ಮಾನಿಟರನ್ನೇ ಆ ಮಾತಿಗೆ ತಕ್ಕಂತೆ ನಡೆಸಬೇಕು. ಹೆಚ್ಚು ಬಣ್ಣ ತೋರಿಸಬಲ್ಲ ಅಗಲ ವ್ಯಾಪ್ತಿಯ ಮಾನಿಟರಿನಲ್ಲಿ, ಸೆಟ್ಟಿಂಗುಗಳೊಳಗೆ sRGB ಎಂಬ ಮೋಡ್ ಇದ್ದರೆ ಅದನ್ನೇ ಆರಿಸಿ. ರಾತ್ರಿ ಬೆಳಕು, ಕೋಣೆಯ ಬೆಳಕಿಗೆ ತಕ್ಕಂತೆ ತಾನೇ ಬದಲಾಗುವ ಹೊಳಪು, ಕಾಂಟ್ರಾಸ್ಟನ್ನು ತಾನೇ ಏರಿಳಿಸುವ ಸೌಲಭ್ಯ, ಕಾರ್ಯಾಚರಣಾ ವ್ಯವಸ್ಥೆಯ ಎಚ್‌ಡಿಆರ್ ಇವೆಲ್ಲ ಆರಿರಲಿ. ಅರ್ಧ ಗಂಟೆ ಮಾನಿಟರು ಬಿಸಿಯಾಗಲು ಬಿಟ್ಟು, ಪರದೆಯ ಬಣ್ಣ ಅಳೆಯುವ ಕಲರಿಮೀಟರ್ ಇಟ್ಟು, ಬಿಳಿಯನ್ನು ಡಿ65ಕ್ಕೆ, ಅಂದರೆ x 0.3127, y 0.3290ಕ್ಕೆ ತನ್ನಿ. ಹೊಳಪಿಗೆ ಎಸ್‌ಆರ್‌ಜಿಬಿ ಮಾನಕ ಹೇಳುವುದು ಪ್ರತಿ ಚದರ ಮೀಟರಿಗೆ 80 ಕ್ಯಾಂಡೆಲಾ; ಮಬ್ಬಾದ ಕೋಣೆಗೆ ಅದು ಹಿತ, ಸಾಧಾರಣ ಬೆಳಕಿನ ಕೋಣೆಯಲ್ಲಿ 100ರಿಂದ 120 ಇಟ್ಟುಕೊಳ್ಳುವುದುಂಟು. ಯಾವ ಅಂಕಿಯನ್ನು ಆರಿಸಿದರೂ ಎಲ್ಲ ಮಾನಿಟರುಗಳಲ್ಲೂ ಅದೇ ಇರಬೇಕು.

ಕ್ಯಾಲಿಬ್ರೇಷನ್ನೂ ಪ್ರೊಫೈಲೂ ಒಂದೇ ಎಂಬ ಭಾವನೆ ಇಲ್ಲಿ ಬಹಳ ದಾರಿ ತಪ್ಪಿಸುತ್ತದೆ. ಕ್ಯಾಲಿಬ್ರೇಷನ್ ಗ್ರಾಫಿಕ್ಸ್ ಕಾರ್ಡಿಗೆ ಮೂರು ವಕ್ರರೇಖೆಗಳನ್ನು ತುಂಬುತ್ತದೆ, ಅದರಿಂದ ಬಿಳಿ ಮತ್ತು ಬೂದುಗಳು ಎಲ್ಲ ತಂತ್ರಾಂಶಗಳಲ್ಲೂ ಸರಿಯಾಗುತ್ತವೆ. ಆದರೆ ಮಾನಿಟರಿನ ಕೆಂಪು ಎಷ್ಟು ಗಾಢ ಎಂಬುದನ್ನು ಆ ವಕ್ರರೇಖೆಗಳು ಬದಲಿಸಲಾರವು. ಅದನ್ನು ಸರಿಪಡಿಸುವುದು ಪ್ರೊಫೈಲ್. ಅದು ಪ್ರೊಫೈಲ್ ಓದುವ ತಂತ್ರಾಂಶಗಳಲ್ಲಿ ಮಾತ್ರ ಕೆಲಸ ಮಾಡುತ್ತದೆ. ನಮ್ಮ ಎರಡನೆಯ ದೂರಿಗೆ ಉತ್ತರ ಸಿಕ್ಕಿದ್ದು ಇಲ್ಲಿಯೇ. ಆ ಮಾನಿಟರಿಗೆ ಕ್ಯಾಲಿಬ್ರೇಷನ್ ಆಗಿತ್ತು, ಬೂದು ಚೌಕಗಳು ಅಚ್ಚುಕಟ್ಟಾಗಿ ಹೊಂದುತ್ತಿದ್ದವು. ಕೆಂಪು ಚೌಕ ಮಾತ್ರ ಪ್ರೊಫೈಲ್ ಓದುವ ಚಿತ್ರದರ್ಶಕದಲ್ಲಿ ಒಂದು ಬಗೆ, ಅವರು ದಿನವೂ ಬಳಸುತ್ತಿದ್ದ ಇನ್ನೊಂದು ದರ್ಶಕದಲ್ಲಿ ಕಣ್ಣಿಗೆ ರಾಚುವ ಇನ್ನೊಂದು ಬಗೆ. ಮಾನಿಟರು ಅಗಲ ವ್ಯಾಪ್ತಿಯದು, ದರ್ಶಕ ಪ್ರೊಫೈಲನ್ನು ಕಡೆಗಣಿಸುತ್ತಿತ್ತು. ಮಾನಿಟರನ್ನು sRGB ಮೋಡಿಗೆ ಹಾಕಿದಾಗ ಮೇಜು ಮತ್ತೆ ಮರದ ಬಣ್ಣಕ್ಕೆ ಬಂತು.

ಇದೇ ಲಕ್ಷಣಗಳನ್ನು ನೀವೂ ಹುಡುಕಬಹುದು. ಬೂದು ಸರಿಯಿದ್ದು ಶುದ್ಧ ಬಣ್ಣಗಳು ಹೆಚ್ಚು ಗಾಢವಾಗಿದ್ದರೆ ವ್ಯಾಪ್ತಿಯ ತೊಂದರೆ. ಬೂದು ಚೌಕಗಳೇ ನೀಲಿಗೋ ಹಳದಿಗೋ ವಾಲಿದ್ದರೆ ಬಿಳಿಯ ಬಿಂದು ತಪ್ಪಿದೆ. ಬೂದಿಗೆ ಬಣ್ಣವಿಲ್ಲದೆ, 0.045ರ ಚೌಕದಂತಹ ಕಪ್ಪು ಭಾಗಗಳು ಮಾತ್ರ ಒಂದರಲ್ಲಿ ಹೆಚ್ಚು ಕಪ್ಪಾಗಿ ಕಂಡರೆ ಎರಡು ಮಾನಿಟರುಗಳ ವಕ್ರರೇಖೆ ಬೇರೆ: ಒಂದು ಎಸ್‌ಆರ್‌ಜಿಬಿ ರೇಖೆ, ಇನ್ನೊಂದು 2.4 ಗಾಮಾ ಇರಬಹುದು.

ಫಿಲ್ಮಿಕ್‌ನ ಮಿತಿಗಳನ್ನೂ ಹೇಳದೆ ಹೋಗಲಾರೆ. ಗೊತ್ತಾದ ಎಸ್‌ಆರ್‌ಜಿಬಿ ಅಂಕಿಯಲ್ಲೇ ಬರಬೇಕಾದ ಲಾಂಛನ, ಅಥವಾ ಹಿನ್ನೆಲೆಗೆ ಇಟ್ಟ ಛಾಯಾಚಿತ್ರ ಫಿಲ್ಮಿಕ್ ಮೂಲಕ ಹಾದರೆ ಅದರ ಬಿಳಿ ಮಾಸುತ್ತದೆ. ಅಂಥವನ್ನು ಫಿಲ್ಮಿಕ್ ಹಚ್ಚಿದ ಮೇಲೆ ಅದರ ಮೇಲೆ ಜೋಡಿಸಬೇಕು. ನಿಯಾನ್ ದೀಪದಂತಹ ಬಹಳ ಗಾಢವಾದ, ಬಹಳ ಪ್ರಖರವಾದ ಬಣ್ಣಗಳು ಬಿಳಿಯತ್ತ ಹೋಗುವಾಗ ಫಿಲ್ಮಿಕ್‌ನಲ್ಲಿ ಕೆಲವೊಮ್ಮೆ ಪಕ್ಕದ ಬಣ್ಣಕ್ಕೆ ಜಾರುತ್ತವೆ. ದೃಶ್ಯದಲ್ಲಿ ಅವೇ ಮುಖ್ಯವಾಗಿದ್ದರೆ AgX ಹೆಚ್ಚು ಸೌಮ್ಯವಾಗಿ ನಡೆಸುತ್ತದೆ. ಆಗಲೂ ಐದು ಚೌಕಗಳ ಪರೀಕ್ಷೆ, ಫೋಲ್ಡರಿನ ನಕಲು, OCIO ಚರ ಎಲ್ಲ ಇದೇ ಕ್ರಮದಲ್ಲಿ ನಡೆಯುತ್ತವೆ. ಪಿಎನ್‌ಜಿಯನ್ನು AgX ಇಟ್ಟು ಹೊಸದಾಗಿ ಉಳಿಸಿಕೊಂಡು, ಅದರ ಅಂಕಿಗಳನ್ನು ಸರಿಯುತ್ತರವಾಗಿ ಬಳಸಬೇಕು.